ಮರದ ರೀಪರು, ಅಗ್ಗದ ಜಿಐ, ಪೂರ್ಣ ಜಿಐ: ಜಿಪ್ಸಂ ಸೀಲಿಂಗಿನ ಮೂರು ಚೌಕಟ್ಟುಗಳ ಹೋಲಿಕೆ

ನಮ್ಮ ಕುಟುಂಬದ ಎರಡು ಮನೆಗಳಲ್ಲಿ ಮೂರು ಬಗೆಯ ಚೌಕಟ್ಟಿನ ಮೇಲೆ ಜಿಪ್ಸಂ ಫಾಲ್ಸ್ ಸೀಲಿಂಗ್ ಕೂತಿದೆ. ಸಾಗರದ ಹಳೆಯ ಮನೆಯ ಒಂದು ಕೋಣೆಯಲ್ಲಿ ಮರದ ರೀಪರಿನ ಚೌಕಟ್ಟು, ಬೆಂಗಳೂರಿನ ಫ್ಲ್ಯಾಟಿನ ಹಾಲಿನಲ್ಲಿ ಗುತ್ತಿಗೆದಾರರು ಕಡಿಮೆ ದರಕ್ಕೆ ಒಪ್ಪಿಕೊಂಡು ಮಾಡಿದ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಚೌಕಟ್ಟು, ಅದೇ ಫ್ಲ್ಯಾಟಿನ ಮಲಗುವ ಕೋಣೆಯಲ್ಲಿ ಅಳತೆ ಬರೆದುಕೊಟ್ಟು ಮಾಡಿಸಿದ ಪೂರ್ಣ ಜಿಐ ಚೌಕಟ್ಟು. ಮೂರನೆಯದೇ ನನ್ನ ಆಯ್ಕೆ ಎಂದು ಮೊದಲೇ ಹೇಳಿಬಿಡುತ್ತೇನೆ. ಬೋರ್ಡು ಮೂರೂ ಕಡೆ ಅದೇ 12.5 ಮಿ.ಮೀ. ದಪ್ಪದ್ದಾದ್ದರಿಂದ ಅದರ ಗುಣದೋಷಗಳನ್ನು ಇಲ್ಲಿ ಬಿಟ್ಟಿದ್ದೇನೆ.

ಮರದ ಚೌಕಟ್ಟಿನ ವಿಚಾರ ಬೇಗ ಮುಗಿಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮರ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಬೋರ್ಡು ಅಷ್ಟು ಅಲುಗಾಡದ ಕಾರಣ ಎರಡು ಬೋರ್ಡುಗಳು ಕೂಡುವ ಗೆರೆಯಲ್ಲಿ ಪ್ರತಿವರ್ಷ ಅದೇ ಜಾಗದಲ್ಲಿ ಬಿರುಕು ಮರಳುತ್ತದೆ. ಪುಟ್ಟಿ ತುಂಬಿಸಿ ಬಣ್ಣ ಬಳಿದರೆ ಮುಂದಿನ ಮಳೆಗಾಲದವರೆಗೆ ಮಾತ್ರ ಅದು ಮರೆಯಾಗಿರುತ್ತದೆ. ಗೆದ್ದಲಿನ ಭಯ ಬೇರೆ. ಬಡಗಿಯವರು ಊರಲ್ಲೇ ಸಿಗುತ್ತಾರೆ, ಎಲ್ಲಿ ಬೇಕಾದರೂ ಇನ್ನೊಂದು ತುಂಡು ಸೇರಿಸಿ ಮೊಳೆ ಹೊಡೆಯಬಹುದು ಎಂಬ ಅನುಕೂಲವನ್ನು ಬಿಟ್ಟರೆ ಅದರ ಪರವಾಗಿ ಹೇಳಲು ನನ್ನಲ್ಲಿ ಹೆಚ್ಚೇನೂ ಇಲ್ಲ.

ನಿಜವಾದ ಹೋಲಿಕೆ ಎರಡು ಜಿಐ ಚೌಕಟ್ಟುಗಳ ನಡುವಿನದು. ಕೆಳಗಿನಿಂದ ನೋಡಿದರೆ, ಅದರಲ್ಲೂ ಬಣ್ಣ ಬಳಿದ ಮೊದಲ ತಿಂಗಳಲ್ಲಿ, ಎರಡೂ ಒಂದೇ ಆಗಿ ಕಾಣುತ್ತವೆ. ಒಳಗಿನ ರಚನೆಯ ಹೆಸರುಗಳೂ ಒಂದೇ. ಗೋಡೆಯ ಸುತ್ತ ಪೆರಿಮೀಟರ್ ಚಾನೆಲ್ ಇರುತ್ತದೆ. ಸ್ಲ್ಯಾಬಿನಿಂದ ಇಳಿಬಿಟ್ಟ ಆ್ಯಂಗಲ್‌ಗಳಿಗೆ ಇಂಟರ್‌ಮೀಡಿಯೆಟ್ ಚಾನೆಲ್ ನೇತಾಡುತ್ತದೆ, ಅದರ ಕೆಳಗೆ ಅಡ್ಡಲಾಗಿ ಸೀಲಿಂಗ್ ಸೆಕ್ಷನ್‌ಗಳನ್ನು ತಂತಿಯ ಕ್ಲಿಪ್ಪಿನಿಂದ ಸಿಕ್ಕಿಸುತ್ತಾರೆ, ಆ ಸೆಕ್ಷನ್‌ಗಳಿಗೆ ಬೋರ್ಡನ್ನು ಸ್ಕ್ರೂ ಮಾಡುತ್ತಾರೆ. ಬಳಕೆಯಲ್ಲಿರುವ ಅಳತೆಯ ಪ್ರಕಾರ ಆ್ಯಂಗಲ್‌ಗಳ ನಡುವೆ 1220 ಮಿ.ಮೀ., ಇಂಟರ್‌ಮೀಡಿಯೆಟ್ ಸಾಲುಗಳ ನಡುವೆಯೂ ಅಷ್ಟೇ, ಸೆಕ್ಷನ್‌ಗಳ ನಡುವೆ 457 ಮಿ.ಮೀ. ಅಂತರವಿರಬೇಕು. ಅಡಿಯ ಲೆಕ್ಕದಲ್ಲಿ ಇದು ನಾಲ್ಕು, ನಾಲ್ಕು ಮತ್ತು ಒಂದೂವರೆ.

ಹಾಲಿನ ಸೀಲಿಂಗನ್ನು ಒಂದು ದುರಸ್ತಿಗಾಗಿ ತೆರೆಸಿದಾಗ ಅಲ್ಲಿ ಆ್ಯಂಗಲ್‌ಗಳು ಆರಡಿಗೊಂದು, ಸೆಕ್ಷನ್‌ಗಳು ಎರಡಡಿಗೊಂದು ಇದ್ದವು. ಕಬ್ಬಿಣ ಉಳಿಸಿ ದರ ಇಳಿಸುವ ಸುಲಭದ ದಾರಿ ಇದೇ. ಬೋರ್ಡು, ಚೌಕಟ್ಟು, ಪುಟ್ಟಿ ಎಲ್ಲ ಸೇರಿ ಚದರ ಮೀಟರಿಗೆ ಸುಮಾರು 12 ಕೆ.ಜಿ. ಎಂದು ಹಿಡಿದರೆ, ನಾಲ್ಕಡಿ ಅಂತರದಲ್ಲಿ ಒಂದೊಂದು ಆ್ಯಂಗಲ್ ಹೊರುವ ಭಾರ 17-18 ಕೆ.ಜಿ.; ಚಾನೆಲ್ಲಿನ ಉದ್ದಕ್ಕೆ ಅಂತರವನ್ನು ಆರಡಿಗೆ ಎಳೆದರೆ ಅದು ಸುಮಾರು 27 ಕೆ.ಜಿ. ಆಗುತ್ತದೆ. ಈ ಭಾರಕ್ಕೆ ಆ್ಯಂಗಲ್ ತುಂಡಾಗುವುದಿಲ್ಲ ಎನ್ನುವುದು ನಿಜ, ಆದರೆ ಬಾಗುವಿಕೆಯ ಲೆಕ್ಕ ಬೇರೆ. ಸಮನಾಗಿ ಹರಡಿದ ಭಾರ ಹೊತ್ತ ಪಟ್ಟಿ ಎಷ್ಟು ಬಾಗುತ್ತದೆ ಎಂಬುದು ಆಧಾರಗಳ ನಡುವಿನ ದೂರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಏರುವುದರಿಂದ, ಅಂತರ ಒಂದೂವರೆ ಪಟ್ಟಾದರೆ ಬಾಗುವಿಕೆ ಐದು ಪಟ್ಟಾಗುತ್ತದೆ. ಸೆಕ್ಷನ್‌ಗಳನ್ನು ಒಂದೂವರೆ ಅಡಿಯಿಂದ ಎರಡಡಿಗೆ ಸರಿಸಿದರೆ ಅವುಗಳ ನಡುವೆ ಬೋರ್ಡು ಬಾಗುವುದು ಮೂರು ಪಟ್ಟಿಗೂ ಹೆಚ್ಚು. ಹಗಲಿನಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ರಾತ್ರಿ ದೀಪಗಳನ್ನೆಲ್ಲ ಆರಿಸಿ, ಟಾರ್ಚನ್ನು ಗೋಡೆಯ ಮೇಲ್ತುದಿಗೆ ತಾಗಿಸಿ ಸೀಲಿಂಗಿನ ಗುಂಟ ಬೆಳಕು ಹಾಯಿಸಿದರೆ ಅಲೆಅಲೆಯಾಗಿ ಕಾಣುತ್ತದೆ.

ಅಂತರದಷ್ಟೇ ಮುಖ್ಯವಾದುದು ಆ್ಯಂಗಲ್ಲಿನ ಮೇಲ್ತುದಿಯನ್ನು ಸ್ಲ್ಯಾಬಿಗೆ ಹೇಗೆ ಹಿಡಿಸಿದ್ದಾರೆ ಎಂಬುದು. ಹಾಲಿನಲ್ಲಿ ಗೋಡೆಗೆ ಫೋಟೊ ತೂಗುಹಾಕಲು ಬಳಸುವ ಪ್ಲಾಸ್ಟಿಕ್ ಪ್ಲಗ್ಗನ್ನೇ ತಾರಸಿಗೂ ಹಾಕಿದ್ದರು. ಗೋಡೆಯಲ್ಲಿ ಭಾರ ಪ್ಲಗ್ಗಿಗೆ ಅಡ್ಡಲಾಗಿ ಬೀಳುತ್ತದೆ, ತಾರಸಿಯಲ್ಲಿ ಅದು ಹಗಲೂ ರಾತ್ರಿ ನೇರ ಕೆಳಕ್ಕೆ ಎಳೆಯುತ್ತಿರುತ್ತದೆ. ಪ್ಲಾಸ್ಟಿಕ್ ಆ ಎಳೆತಕ್ಕೆ ನಿಧಾನವಾಗಿ ಸಡಿಲವಾಗುತ್ತದೆ. ಮಲಗುವ ಕೋಣೆಯಲ್ಲಿ ಲೋಹದ ಕ್ಲೀಟನ್ನು ಹಿಗ್ಗುವ ಆ್ಯಂಕರ್ ಫಾಸ್ಟನರಿನಿಂದ ಬಿಗಿಸಿ, ಅದಕ್ಕೆ ಆ್ಯಂಗಲ್ಲನ್ನು ನಟ್ಟು-ಬೋಲ್ಟಿನಿಂದ ಜೋಡಿಸಿದ್ದಾರೆ. ಸ್ಲ್ಯಾಬಿನೊಳಗೆ ವೈರಿನ ಪೈಪು ಹಾದಿರುವ ಸಾಧ್ಯತೆ ಇರುವುದರಿಂದ ತೂತು ಕೊರೆಯುವಾಗ ಆ ಭಾಗದ ಎಂಸಿಬಿ ಆರಿಸಿಡುವುದು ಕ್ಷೇಮ.

ಈಗ ನನ್ನನ್ನು ಅತಿಯಾಗಿ ಕಾಡಿದ ತೊಡಕಿಗೆ ಬರುತ್ತೇನೆ. ಚೌಕಟ್ಟು ಕಟ್ಟುವವರು ಒಬ್ಬರು, ದೀಪ ಕೂರಿಸುವವರು ಇನ್ನೊಬ್ಬರು; ಬೋರ್ಡು ಮುಚ್ಚಿದ ಮೇಲೆ ಎರಡನೆಯವರಿಗೆ ಸೆಕ್ಷನ್ ಎಲ್ಲಿದೆ ಎಂಬುದು ಕಾಣುವುದೇ ಇಲ್ಲ. ಅವರು ಟೇಪು ಹಿಡಿದು ದೀಪದ ಜಾಗ ಗುರುತಿಸಿ ಹೋಲ್ ಸಾ ತಿರುಗಿಸುತ್ತಾರೆ, ಬ್ಲೇಡು ಕಬ್ಬಿಣಕ್ಕೆ ತಾಗಿದರೆ ಅದನ್ನೂ ಕತ್ತರಿಸಿ ದೀಪವನ್ನು ಒಳಗೆ ತಳ್ಳುತ್ತಾರೆ. ಹಾಲಿನಲ್ಲಿ ಎರಡು ಡೌನ್‌ಲೈಟುಗಳ ಮೇಲೆ ಸೆಕ್ಷನ್ ಹೀಗೆಯೇ ತುಂಡಾಗಿತ್ತು. ಮೊದಲೇ ಎರಡಡಿ ಅಂತರದಲ್ಲಿದ್ದ ಸೆಕ್ಷನ್‌ಗಳಲ್ಲಿ ಒಂದು ತುಂಡಾದರೆ ಅಲ್ಲಿ ಬೋರ್ಡಿಗೆ ನಾಲ್ಕಡಿಯವರೆಗೆ ಆಧಾರವಿರುವುದಿಲ್ಲ. ದೀಪದ ಸುತ್ತ ತಟ್ಟೆಯಂತೆ ತಗ್ಗಿದ ಆ ಭಾಗವೇ ದುರಸ್ತಿಗೆ ಕಾರಣವಾಯಿತು.

ಇದು ಕೇವಲ ಅಜಾಗರೂಕತೆಯ ಫಲವಲ್ಲ, ಅಳತೆಯಲ್ಲೇ ಅಡಗಿರುವ ತೊಡಕು ಎಂಬುದು ಮಲಗುವ ಕೋಣೆಯ ನಕ್ಷೆ ಬರೆಯುವಾಗ ತಿಳಿಯಿತು. ಕೋಣೆ 3.6 ಮೀಟರ್ ಉದ್ದ, 3 ಮೀಟರ್ ಅಗಲ. ನಾಲ್ಕು ದೀಪಗಳು ಸಮನಾಗಿ ಬರಬೇಕೆಂದರೆ ಉದ್ದದ ಕಡೆ ಎರಡೂ ಗೋಡೆಗಳಿಂದ 900 ಮಿ.ಮೀ. ಒಳಗೆ ಇರಬೇಕು. ಒಂದು ಗೋಡೆಯಿಂದ ಆರಂಭಿಸಿ 450ಕ್ಕೊಂದು ಸೆಕ್ಷನ್ ಹಾಕಿದರೆ 450, 900, 1350 ಎಂದು ಸಾಗಿ 2700ರ ಮೂಲಕ 3150ಕ್ಕೆ ಮುಗಿಯುತ್ತದೆ. ಅಂದರೆ ಯಾರೂ ತಪ್ಪು ಮಾಡದಿದ್ದರೂ ನಾಲ್ಕೂ ದೀಪಗಳ ಕೇಂದ್ರ ನೇರವಾಗಿ ಸೆಕ್ಷನ್ನಿನ ಮೇಲೆಯೇ ಬೀಳುತ್ತಿತ್ತು! ಮೊದಲ ಸೆಕ್ಷನ್ನನ್ನು ಗೋಡೆಯಿಂದ 225ಕ್ಕೆ ಸರಿಸಿದರೆ ಮುಂದಿನವು 675, 1125 ಎಂದು ಬಂದು ಕೊನೆಯದು 3375ರಲ್ಲಿ ನಿಲ್ಲುತ್ತದೆ. 900 ಮತ್ತು 2700 ಎರಡೂ ಸೆಕ್ಷನ್‌ಗಳ ಸರಿಮಧ್ಯಕ್ಕೆ ಬರುತ್ತವೆ. ಇದಕ್ಕೆ ಹೆಚ್ಚಾಗಿ ಬೇಕಾದುದು ಒಂದೇ ಒಂದು ಸೆಕ್ಷನ್. ಬೋರ್ಡಿನ ತುದಿ ಸೆಕ್ಷನ್ ಮೇಲೆಯೇ ಕೂರಬೇಕಾದ್ದರಿಂದ ಆರಡಿಯ ಮೊದಲ ಬೋರ್ಡನ್ನು 1575ಕ್ಕೆ ಕತ್ತರಿಸಬೇಕಾಯಿತು, ಆದರೆ ಉಳಿದ ತುಂಡು ಕೊನೆಯ 225 ಮಿ.ಮೀ. ಪಟ್ಟಿಗೆ ಸರಿಹೋಯಿತು.

ಸರಿಮಧ್ಯವೇ ಆಗಬೇಕೆಂಬ ನಿಯಮವೇನೂ ಇಲ್ಲ; ಎಷ್ಟು ಸರಿಸಬಹುದು ಎಂಬುದನ್ನು ಲೆಕ್ಕ ಹಾಕಿಕೊಳ್ಳಬಹುದು. ಸೆಕ್ಷನ್ನಿನ ಮೇಲಿನ ಅಗಲ ಸುಮಾರು 80 ಮಿ.ಮೀ. ಎಂದಿಟ್ಟುಕೊಂಡರೆ ಎರಡರ ನಡುವಿನ ಖಾಲಿ ಜಾಗ 370. ನಾನು ತಂದ ದೀಪಕ್ಕೆ ಬೇಕಾದ ತೂತು 150, ಅದರ ಎರಡು ಬದಿಯ ಸ್ಪ್ರಿಂಗುಗಳು ಅಗಲಿಸಿ ಕೂರಲು ಒಂದೊಂದು ಕಡೆ 40 ಬೇಕೆಂದರೆ ಒಟ್ಟು 230. ಉಳಿಯುವುದು 140, ಅಂದರೆ ಮಧ್ಯದಿಂದ ಆಚೀಚೆ 70 ಮಿ.ಮೀ. ಮಾತ್ರ ಸರಿಸಬಹುದು. ಸ್ಪ್ರಿಂಗು ಬೋರ್ಡಿನ ಬದಲು ಸೆಕ್ಷನ್ನಿನ ಅಂಚಿನ ಮೇಲೆ ಹತ್ತಿ ಕೂತರೆ ದೀಪದ ಒಂದು ಬದಿ ಜೋತು ಕಾಣುತ್ತದೆ. ದೀಪ ಇಂಟರ್‌ಮೀಡಿಯೆಟ್ ಚಾನೆಲ್ಲಿನ ಕೆಳಗೂ ಬರಬಾರದು, ಏಕೆಂದರೆ ಅಲ್ಲಿ ಬೋರ್ಡಿನ ಮೇಲೆ ಸಿಗುವ ಎತ್ತರ 26 ಮಿ.ಮೀ. ಆಸುಪಾಸು ಮಾತ್ರ, ಎಲ್‌ಇಡಿಯ ಡ್ರೈವರ್ ಡಬ್ಬಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಈಗಾಗಲೇ ಮುಚ್ಚಿದ ಸೀಲಿಂಗಿನಲ್ಲಿ ಸೆಕ್ಷನ್ ಅಡ್ಡ ಬಂದರೆ ದೀಪವನ್ನೇ ಸರಿಸುವುದು ಮೇಲು. ಕತ್ತರಿಸಲೇಬೇಕೆಂದಾದರೆ ತುಂಡಾದ ಎರಡೂ ತುದಿಗಳನ್ನು ಅಕ್ಕಪಕ್ಕದ ಸೆಕ್ಷನ್‌ಗಳಿಗೆ ಅಡ್ಡಪಟ್ಟಿಯಿಂದ ಕಟ್ಟಿ, ಅಲ್ಲಿಗೆ ಸ್ಲ್ಯಾಬಿನಿಂದ ಹೊಸ ಆ್ಯಂಗಲ್ ಇಳಿಸಬೇಕು. ಅದಕ್ಕೆ ಬೋರ್ಡು ಬಿಚ್ಚದೆ ದಾರಿಯಿಲ್ಲ.

ವೈರಿನ ವಿಷಯದಲ್ಲಿ ಮಾತ್ರ ಮರದ ಚೌಕಟ್ಟು ಜಿಐಗಿಂತ ಕ್ಷೇಮ, ಏಕೆಂದರೆ ಜಿಐ ಚೌಕಟ್ಟಿನ ಒಂದು ಕಡೆ ಕರೆಂಟು ಸೋರಿದರೆ ಅದು ಕೋಣೆಯ ಇಡೀ ಚೌಕಟ್ಟಿಗೆ ಹರಡುತ್ತದೆ. ಸೆಕ್ಷನ್ನಿನ ಪೊಳ್ಳು ವೈರು ಹಾಯಿಸಲು ಹೇಳಿ ಮಾಡಿಸಿದಂತೆ ಕಾಣುತ್ತದೆ, ಅನೇಕರು ಅಲ್ಲೇ ಮಲಗಿಸುತ್ತಾರೆ. ಆದರೆ ಬೋರ್ಡಿಗೆ ಹಾಕುವ 25 ಮಿ.ಮೀ. ಸ್ಕ್ರೂ 12.5 ಮಿ.ಮೀ. ಬೋರ್ಡನ್ನು ದಾಟಿ ಆ ಪೊಳ್ಳಿನೊಳಗೆ ಸುಮಾರು 12 ಮಿ.ಮೀ. ಚಾಚುತ್ತದೆ, ಅಂಥ ಸ್ಕ್ರೂ 230 ಮಿ.ಮೀ.ಗೊಂದರಂತೆ ಇರುತ್ತದೆ. ಅವುಗಳಲ್ಲಿ ಒಂದು ವೈರಿನ ಹೊದಿಕೆಯನ್ನು ಚುಚ್ಚಿದರೆ ಸಾಕು. ಆದ್ದರಿಂದ ಮಲಗುವ ಕೋಣೆಯಲ್ಲಿ ವೈರುಗಳನ್ನು ಪೈಪಿನೊಳಗೆ ಹಾಯಿಸಿ, ಪೈಪನ್ನು ಚೌಕಟ್ಟಿಗೆ ತಾಗದಂತೆ ಸ್ಲ್ಯಾಬಿಗೇ ಕ್ಲ್ಯಾಂಪ್ ಮಾಡಿಸಿದೆ. ಜೋಡಣೆಗಳೆಲ್ಲ ಡಬ್ಬಿಯೊಳಗೆ ಕನೆಕ್ಟರಿನಲ್ಲಿವೆ, ಟೇಪು ಸುತ್ತಿದ ಗಂಟು ಒಂದೂ ಇಲ್ಲ. ಪ್ರತಿ ದೀಪದ ಬಳಿ ಅದನ್ನು ಏಣಿಯ ಮೇಲಿಂದ ಕೆಳಗಿಳಿಸಿ ಬಿಚ್ಚುವಷ್ಟು ವೈರು ಹೆಚ್ಚಿಗೆ ಬಿಟ್ಟಿದೆ. ಲೋಹದ ಮೈಯ ದೀಪಕ್ಕೆ ಅರ್ಥಿಂಗ್ ಇದೆ, ಮೀಟರಿನ ಬಳಿ ಕರೆಂಟು ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆ.

ತೆಳುವಾದ ಎಲ್‌ಇಡಿ ಪ್ಯಾನೆಲ್ ಬೋರ್ಡಿನ ಮೇಲೆಯೇ ನಿಲ್ಲುತ್ತದೆ. ಅದಕ್ಕಿಂತ ಭಾರದ್ದನ್ನು, ಅಂದರೆ ತೂಗುದೀಪ, ಗಾಜಿನ ಗೊಂಚಲು, ಫ್ಯಾನು ಯಾವುದನ್ನೂ ಮೂರರಲ್ಲಿ ಯಾವ ಚೌಕಟ್ಟಿಗೂ ತೂಗಿಸಬಾರದು. ಬೋರ್ಡು ಮುಚ್ಚುವ ಮೊದಲೇ ಸ್ಲ್ಯಾಬಿಗೆ ಆ್ಯಂಕರ್ ಹಾಕಿ ಸರಳನ್ನು ಇಳಿಸಿ, ಬೋರ್ಡಿನ ತೂತಿನ ಮೂಲಕ ಅದನ್ನು ಹೊರತರಬೇಕು. ತೂತು ಸರಳಿಗಿಂತ ಅಗಲವಿದ್ದರೆ ಫ್ಯಾನಿನ ಕಂಪನ ಬೋರ್ಡಿಗೆ ತಾಗುವುದಿಲ್ಲ, ಮೇಲಿನ ಬಟ್ಟಲು ಅದನ್ನು ಮುಚ್ಚುತ್ತದೆ.

ನನಗೆ ಸಿಕ್ಕ ದರದಲ್ಲಿ ಅಗ್ಗದ ಜಿಐಗೂ ಪೂರ್ಣ ಜಿಐಗೂ ಚದರ ಅಡಿಗೆ 15 ರೂಪಾಯಿ ವ್ಯತ್ಯಾಸವಿತ್ತು. ಸುಮಾರು 116 ಚದರ ಅಡಿಯ ಕೋಣೆಗೆ ಅದು 1,740 ರೂಪಾಯಿ. ಮನೆಯಲ್ಲಿ ದೀಪಗಳನ್ನು ಆಗಾಗ ಬದಲಿಸುವ ಅಭ್ಯಾಸ ನನಗಿರುವುದರಿಂದ ಈ ಹಣ ನನಗೆ ಹೆಚ್ಚೆನಿಸಲಿಲ್ಲ. ದೀಪವೇ ಇಲ್ಲದ ಸಣ್ಣ ಮೊಗಸಾಲೆಗೆ, ಗೋಡೆಯಿಂದ ಗೋಡೆಗೆ ನಾಲ್ಕಡಿಯೂ ಇಲ್ಲದ ಕಡೆ, ಅಗ್ಗದ್ದರಿಂದ ದೊಡ್ಡ ನಷ್ಟವಾಗಲಾರದು. ಯಾವುದನ್ನೇ ಆರಿಸಿದರೂ ಹಣದ ಕೊನೆಯ ಕಂತನ್ನು ಬೋರ್ಡು ಮುಚ್ಚುವ ಮೊದಲು ಕೊಡಬೇಡಿ, ಮುಚ್ಚುವ ಮೊದಲು ನಾಲ್ಕೂ ಗೋಡೆಗಳಿಂದ ಟೇಪು ಹಿಡಿದು ಚೌಕಟ್ಟಿನ ಫೋಟೊ ತೆಗೆದಿಡಿ. ಮಲಗುವ ಕೋಣೆಗೆ ಆಮೇಲೆ ಒಂದು ಓದುದೀಪ ಸೇರಿಸಬೇಕಾದಾಗ ಎಲೆಕ್ಟ್ರಿಷಿಯನ್ ಆ ಫೋಟೊ ನೋಡಿಯೇ ತೂತು ಕೊರೆದರು.