ಮ್ಯಾಟ್ರಿಮೊನಿ ಪ್ಲಾನ್: ಸಂಬಂಧ ಕೂಡಿದ ಮೇಲೆ ವಾಪಸ್ ಬಂದ ದುಡ್ಡು ಎಷ್ಟು?

ತಂಗಿಗೆ ಗಂಡು ನೋಡಲು ಫೆಬ್ರವರಿ ಕೊನೆಗೆ ಒಂದು ಮ್ಯಾಟ್ರಿಮೊನಿ ಸೈಟ್‌ನಲ್ಲಿ ಆರು ತಿಂಗಳ ಪ್ಲಾನ್ ತೆಗೆದುಕೊಂಡೆ. 5,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ, ಒಟ್ಟು 5,900.

ಸಂಬಂಧ ಹುಡುಕುವ ಕೆಲಸದಲ್ಲಿ ಸೈಟ್ ಬಗ್ಗೆ ನನ್ನ ತಕರಾರಿಲ್ಲ. ನಾವು ಉಡುಪಿಯವರು, ಹುಡುಗನ ಮನೆ ಪುತ್ತೂರು. ಸೈಟ್ ಇಲ್ಲದಿದ್ದರೆ ಪರಿಚಯವೇ ಆಗುತ್ತಿರಲಿಲ್ಲ. ಮೇ ಮಧ್ಯದಲ್ಲಿ ಜಾತಕ ಕೂಡಿಬಂತು. ಆಟಿ ತಿಂಗಳು ಹಿಡಿದರೆ ಶುಭಕಾರ್ಯ ಇಲ್ಲ ಅಲ್ವಾ, ಅದಕ್ಕೇ ಜೂನ್‌ನಲ್ಲೇ ನಿಶ್ಚಿತಾರ್ಥ ಮುಗಿಸಿದೆವು.

ಮಾತುಕತೆ ಗಟ್ಟಿಯಾದ ವಾರವೇ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದೆ. ಇನ್ನೂ ಮೂರೂವರೆ ತಿಂಗಳು ಬಾಕಿ ಇತ್ತು. 60 ಫೋನ್ ನಂಬರ್ ನೋಡುವ ಅವಕಾಶದಲ್ಲಿ ನಾವು ನೋಡಿದ್ದು 31. ಅರ್ಧ ದುಡ್ಡಾದರೂ ಬರುತ್ತದೆ ಅಂದುಕೊಂಡಿದ್ದೆ.

"ಸರ್, ನೀವು ಕಟ್ಟಿದ್ದು ನಂಬರ್ ನೋಡುವುದಕ್ಕೆ. ಮದುವೆ ಬೇಗ ಕೂಡಿದರೆ ಉಳಿದ ದಿನಕ್ಕೆ ಲೆಕ್ಕ ಹಾಕಿ ಕೊಡುವ ಕ್ರಮ ಇಲ್ಲ" ಎಂದರು. ಬೇಸರವಾಯಿತು. ಆದರೆ ಷರತ್ತುಗಳನ್ನು ತೆರೆದು ಓದಿದರೆ ಅದೇ ಬರೆದಿತ್ತು. ಇಂಥ ಹೆಚ್ಚಿನ ಸೈಟ್‌ಗಳ ನಿಯಮವೂ ಇದೇ. ಹಾಗಾಗಿ ಮೊದಲ ಪ್ಲಾನ್‌ನ ದುಡ್ಡಿನಲ್ಲಿ ನನಗೆ ಬಂದದ್ದು ಸೊನ್ನೆ.

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಆಗಸ್ಟ್‌ನಲ್ಲಿ. ನಿಶ್ಚಿತಾರ್ಥದ ಮರುದಿನವೇ "ಮದುವೆ ನಿಶ್ಚಯವಾಗಿದೆ" ಎಂದು ಕಾರಣ ಕೊಟ್ಟು ಪ್ರೊಫೈಲ್ ಡಿಲೀಟ್ ಮಾಡಿದ್ದೆ, ಆ್ಯಪ್ ಕೂಡ ತೆಗೆದಿದ್ದೆ. ಎಲ್ಲ ಮುಗಿಯಿತು ಅಂದುಕೊಂಡೆ. ಆದರೆ ದುಡ್ಡು ಕಟ್ಟುವಾಗ ಯುಪಿಐ ಆಟೋಪೇಗೆ ಪಿನ್ ಒತ್ತಿದ್ದೆ. ಅವಧಿ ಮುಗಿದಾಗ ದುಡ್ಡು ತಾನಾಗಿಯೇ ಕಟ್ ಆಗಲು ಕೊಡುವ ಬೇರೆಯೇ ಒಪ್ಪಿಗೆ ಅದು, ಪ್ರೊಫೈಲ್ ಹೋದರೂ ಅದು ಹೋಗುವುದಿಲ್ಲ. ದುಡ್ಡು ಕಟ್ ಆಗುವ ಹಿಂದಿನ ದಿನ ಬಂದ ಮೆಸೇಜ್ ನೋಡಿದ್ದೆ, ಜಾಹೀರಾತು ಅಂತ ಸುಮ್ನೆ ಬಿಟ್ಟೆ. ಮರುದಿನ ಬೆಳಿಗ್ಗೆ ಇನ್ನೊಂದು 5,900 ಕಟ್ ಆಗಿತ್ತು.

ಈ ದುಡ್ಡು ಮಾತ್ರ ಪೂರ್ತಿ ವಾಪಸ್ ಬಂತು. ಅದೇ ದಿನ ಇಮೇಲ್ ಬರೆದೆ. ಪ್ರೊಫೈಲ್ ಡಿಲೀಟ್ ಆದ ದಿನಾಂಕ, ಯುಪಿಐ ವಹಿವಾಟಿನ ನಂಬರ್, ಹೊಸ ಅವಧಿಯಲ್ಲಿ ಒಂದು ನಂಬರೂ ನೋಡಿಲ್ಲ ಎಂಬ ಮಾತು, ಇಷ್ಟೇ. ಮೊದಲ ಉತ್ತರ "ಆಗುವುದಿಲ್ಲ" ಎಂದೇ ಬಂತು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ಆ ದೂರಿನ ನಂಬರ್ ಹಾಕಿ ಮತ್ತೆ ಬರೆದೆ. ಒಂಬತ್ತನೇ ದಿನ ಖಾತೆಗೆ ಜಮೆ ಆಯಿತು. ಒಂದೇ ಒಂದು ನಂಬರ್ ತೆರೆದಿದ್ದರೂ ನನ್ನ ವಾದ ಬಿದ್ದುಹೋಗುತ್ತಿತ್ತು.

ಈಗ ನನ್ನ ಚಿಕ್ಕಮ್ಮನ ಮಗನಿಗೆ ಹುಡುಗಿ ನೋಡುತ್ತಿದ್ದೇವೆ. ಮೂರು ತಿಂಗಳ ಪ್ಲಾನ್ ಸಾಕು ಎಂದಿದ್ದೇನೆ. ದುಡ್ಡು ಕಟ್ಟಿದ ಕೂಡಲೇ ಬಿಲ್ ಡೌನ್‌ಲೋಡ್ ಮಾಡಿಟ್ಟೆವು, ಪ್ರೊಫೈಲ್ ಹೋದ ಮೇಲೆ ಲಾಗಿನ್ ಆಗಿ ತೆಗೆಯಲು ಬರುವುದಿಲ್ಲ. ಆಮೇಲೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ, ಸೈಟ್‌ನ ಹೆಸರಿನ ಮುಂದೆ ರದ್ದು ಮಾಡಿ, ಪಿನ್ ಒತ್ತಿದೆವು. ಕಟ್ಟಿದ ಮೂರು ತಿಂಗಳು ಹಾಗೇ ನಡೆಯುತ್ತಿದೆ.