ಫೈಲಿನಲ್ಲಿದ್ದ ಕಾಗದವೆಲ್ಲ ಅಸಲಿ, ಜಿಪಿಎ ಒಂದೇ ನಕಲಿ: ಸೈಟು ಕೊಳ್ಳುವವರು ಓದಿಕೊಳ್ಳಿ

ನಕಲಿ ದಾಖಲೆ ಅಂದ ಕೂಡಲೇ ಎಲ್ಲ ಕಾಗದವನ್ನೂ ಕಂಪ್ಯೂಟರಿನಲ್ಲಿ ತಯಾರು ಮಾಡಿರುತ್ತಾರೆ ಅಂತ ಅಂದುಕೊಳ್ಳುತ್ತೇವೆ. ನಮ್ಮ ಭಾವನಿಗೆ ಆದ ಮೋಸದಲ್ಲಿ ಹಾಗಿರಲಿಲ್ಲ. ಕ್ರಯಪತ್ರದ ನಕಲು, ಆಸ್ತಿಯ ಮಾರಾಟ, ಸಾಲದ ದಾಖಲೆ ತೋರಿಸುವ ಇಸಿ, ಖಾತೆ, ಕಂದಾಯ ರಸೀದಿ ಎಲ್ಲವೂ ಅಸಲಿ. ನಕಲಿ ಆಗಿದ್ದದ್ದು ಒಂದೇ ಒಂದು ಕಾಗದ, ಮಾಲೀಕರ ಪರವಾಗಿ ಮಾರುವ ಅಧಿಕಾರ ಕೊಡುವ ಜಿಪಿಎ. ಆ ಒಂದು ಕಾಗದಕ್ಕೆ 26 ಲಕ್ಷ ಹೋಯಿತು.

ಮೈಸೂರಿನ ಹೊರವಲಯದ ಹಳೇ ಲೇಔಟಿನಲ್ಲಿ 30x40 ಸೈಟು. ಮಾಲೀಕರು ವಯಸ್ಸಾದ ಒಬ್ಬ ಹೆಂಗಸು, 1998ರಲ್ಲಿ ಕೊಂಡವರು, ಈಗ ಮುಂಬೈನಲ್ಲಿ ಮಗಳ ಜೊತೆ ಇದ್ದಾರೆ. ಸೈಟು ವರ್ಷಗಟ್ಟಲೆ ಖಾಲಿ ಬಿದ್ದಿತ್ತು. "ಅಮ್ಮನವರಿಗೆ ಓಡಾಡೋಕೆ ಆಗಲ್ಲ ಸಾರ್, ನನಗೇ ಜಿಪಿಎ ಬರೆದುಕೊಟ್ಟಿದ್ದಾರೆ" ಅಂತ ಒಬ್ಬ ಬಂದ. ಅವನನ್ನು ಕರೆತಂದದ್ದು ಭಾವನ ಪರಿಚಯದ ಬ್ರೋಕರ್. ಮೂಲ ಕ್ರಯಪತ್ರ ಎಲ್ಲಿ ಅಂದರೆ, ಮನೆ ಬದಲಾಯಿಸುವಾಗ ಕಳೆದುಹೋಯಿತು ಅಂದ. ಅದಕ್ಕೆ ಪೊಲೀಸರ ಇ-ಲಾಸ್ಟ್ ರಿಪೋರ್ಟ್, ಪೇಪರಿನಲ್ಲಿ ಕೊಟ್ಟ ಪ್ರಕಟಣೆಯ ತುಣುಕು, ಸಬ್‌ರಿಜಿಸ್ಟ್ರಾರ್ ಆಫೀಸಿನ ದೃಢೀಕೃತ ನಕಲು ಮೂರನ್ನೂ ಮುಂದಿಟ್ಟ. ಮಾಲೀಕರ ಜೊತೆ ಫೋನಿನಲ್ಲೂ ಮಾತಾಡಿಸಿದ. ಆ ಕಡೆ ವಯಸ್ಸಾದ ಹೆಂಗಸಿನ ದನಿ, ಒಳ್ಳೆ ಮೈಸೂರು ಕನ್ನಡ. 2024ರ ದೀಪಾವಳಿ ಕಳೆದ ಮೇಲೆ ರಿಜಿಸ್ಟ್ರೇಷನ್ ಆಯಿತು. ಕಾಂಪೌಂಡಿಗೆ ಪಾಯ ತೆಗೆಸುತ್ತಿದ್ದಾಗ ಪಕ್ಕದ ಮನೆಯವರು ಮುಂಬೈಗೆ ಫೋನ್ ಮಾಡಿದರು. ಅಸಲಿ ಕ್ರಯಪತ್ರ ಹಿಡಿದುಕೊಂಡು ಮಗಳು ಬಂದಾಗಲೇ ವಿಷಯ ಗೊತ್ತಾದದ್ದು.

ಇಲ್ಲಿ ಅರ್ಥ ಮಾಡಿಕೊಳ್ಳಬೇಕಾದ ಮುಖ್ಯ ವಿಷಯ ಇದು. ಕ್ರಯಪತ್ರಗಳು ಸಬ್‌ರಿಜಿಸ್ಟ್ರಾರ್ ಆಫೀಸಿನ 1ನೇ ಪುಸ್ತಕದಲ್ಲಿ ದಾಖಲಾಗುತ್ತವೆ. ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಆ ಪುಸ್ತಕದ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಇಸಿಯೂ ಹಾಗೇ, ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಅರ್ಜಿ ಹಾಕಬಹುದು. ಕಂದಾಯವನ್ನಂತೂ ಯಾರು ಕಟ್ಟಿದರೂ ಪಂಚಾಯಿತಿ ಬೇಡ ಅನ್ನುವುದಿಲ್ಲ. ಹಾಗಾಗಿ ಮೋಸಗಾರ ಇವನ್ನೆಲ್ಲ ಸುಳ್ಳು ಸೃಷ್ಟಿಸಬೇಕಾಗಿಯೇ ಇಲ್ಲ. ಈ ಕಾಗದಗಳೆಲ್ಲ ಸೇರಿ ಹೇಳುವುದು "ಆ ಸೈಟು ಆಯಮ್ಮನದ್ದು" ಅಂತ ಮಾತ್ರ. ಎದುರಿಗೆ ಕೂತವನಿಗೆ ಮಾರುವ ಅಧಿಕಾರ ಇದೆಯೋ ಇಲ್ಲವೋ ಅನ್ನುವುದು ಅವುಗಳಲ್ಲಿ ಇರುವುದೇ ಇಲ್ಲ. ವಕೀಲರಿಗೆ ತೋರಿಸಿದರೂ ಹಕ್ಕಿನ ಸರಪಳಿ ಸರಿ ಇದೆ ಅಂತಲೇ ಹೇಳುತ್ತಾರೆ. ಸರಪಳಿ ಸರಿಯಾಗಿಯೇ ಇತ್ತಲ್ಲ!

ಜಿಪಿಎ ದಾಖಲಾಗುವುದು 4ನೇ ಪುಸ್ತಕದಲ್ಲಿ. ಅದು ಆಸ್ತಿಯ ಇಸಿಯಲ್ಲಿ ಬರುವುದಿಲ್ಲ. ಅದರ ನಕಲನ್ನು ಹೊರಗಿನವರಿಗೆ ಕೊಡುವುದೂ ಇಲ್ಲ. ಬರೆದುಕೊಟ್ಟವರು, ಅದರಡಿ ಹಕ್ಕು ಹೇಳುವವರು ಅಥವಾ ಅವರ ಪ್ರತಿನಿಧಿಗಳಿಗೆ ಮಾತ್ರ ಸಿಗುತ್ತದೆ. ಕೊಳ್ಳುವವನು ಸ್ವಂತವಾಗಿ ತೆಗೆಸಿ ನೋಡಲು ಆಗದ ಕಾಗದ ಇದೊಂದೇ. ಸುಳ್ಳನ್ನು ಅಲ್ಲೇ ತಂದಿಡುತ್ತಾರೆ.

ಆ ಜಿಪಿಎ ಈಗ ಪೊಲೀಸರ ಹತ್ತಿರ ಇದೆ, ಜೆರಾಕ್ಸ್ ನನ್ನ ಹತ್ತಿರ ಇದೆ. ಹಿಂಬದಿಯಲ್ಲಿ ಫೋಟೊ, ಬೆರಳಚ್ಚು, ಆಫೀಸಿನ ಮೊಹರು, ಸಾಕ್ಷಿಗಳ ಸಹಿ ಎಲ್ಲ ನೀಟಾಗಿದೆ. ಒಂದು ಕಡೆ ಮಾತ್ರ ಎಡವಿದ್ದಾರೆ. ನಮ್ಮಲ್ಲಿ ನೋಂದಣಿ ಸಂಖ್ಯೆ ABC-1-01234-2021-22 ಈ ಥರ ಇರುತ್ತದೆ. ಮೊದಲು ಆಫೀಸಿನ ಸಂಕೇತ, ಆಮೇಲೆ ಪುಸ್ತಕದ ಸಂಖ್ಯೆ, ಆಮೇಲೆ ದಾಖಲೆಯ ಸಂಖ್ಯೆ, ಕೊನೆಗೆ ವರ್ಷ. ಜಿಪಿಎ ಆದರೆ ನಡುವೆ 4 ಇರಬೇಕು. ಇದರಲ್ಲಿ 1 ಇತ್ತು. ಯಾರದೋ ಕ್ರಯಪತ್ರದ ಕೊನೇ ಹಾಳೆಯನ್ನು ಸ್ಕ್ಯಾನ್ ಮಾಡಿ ಹೆಸರು, ಫೋಟೊ ಬದಲಾಯಿಸಿದ್ದರು. ಸಂಖ್ಯೆ ಬದಲಾಯಿಸುವ ತೊಂದರೆ ತೆಗೆದುಕೊಂಡಿರಲಿಲ್ಲ. 1ನೇ ಪುಸ್ತಕದ್ದಾದ್ದರಿಂದ ನಾವೇ ಆ ಸಂಖ್ಯೆಗೆ ನಕಲು ತೆಗೆಸಿದೆವು. ಸಂಬಂಧವೇ ಇಲ್ಲದ ಇನ್ನೊಬ್ಬರ ಮನೆಯ ಮಾರಾಟದ ಪತ್ರ ಅದು.

ಇನ್ನೊಂದು ಸುಳಿವು ಮೊದಲ ಹಾಳೆಯಲ್ಲೇ ಇತ್ತು. ಇ-ಸ್ಟ್ಯಾಂಪ್ ಮೇಲೆ IN-KA ಅಂತ ಶುರುವಾಗುವ ಪ್ರಮಾಣಪತ್ರದ ಸಂಖ್ಯೆ ಇರುತ್ತದೆ. shcilestamp.com ನಲ್ಲಿ ಆ ಸಂಖ್ಯೆಯ ಜೊತೆ ರಾಜ್ಯ, ಸ್ಟ್ಯಾಂಪ್ ಕೊಟ್ಟ ದಿನಾಂಕದಂಥ ವಿವರ ಹಾಕಿದರೆ ಎಷ್ಟು ಹಣಕ್ಕೆ, ಯಾರ ಹೆಸರಿನಲ್ಲಿ ಕೊಂಡದ್ದು ಅಂತ ಬರುತ್ತದೆ. ನಾವು ಹಾಕಿದಾಗ ಸಂಖ್ಯೆ ಅಸಲಿಯೇ, ಆದರೆ ಹೆಸರು ಬೇರೆ. ಯಾರೋ ಬಾಡಿಗೆ ಕರಾರಿಗೆ ತೆಗೆದುಕೊಂಡಿದ್ದ ಸ್ಟ್ಯಾಂಪ್. ಎರಡು ನಿಮಿಷದ ಕೆಲಸ ಇದು.

ಹಾಗಾದರೆ ಜಿಪಿಎ ಮೇಲೆ ಕೊಳ್ಳಲೇಬಾರದೇ? ಕೊಳ್ಳಬಹುದು, ವಿದೇಶದಲ್ಲಿರುವವರು ಮಾರುವುದು ಹಾಗೇ ಅಲ್ವಾ? ಆದರೆ 4ನೇ ಪುಸ್ತಕದ ದೃಢೀಕೃತ ನಕಲಿಗೆ ಜಿಪಿಎ ಹೋಲ್ಡರ್ ಕೈಯಲ್ಲೇ ಅರ್ಜಿ ಹಾಕಿಸಿ, ಕೌಂಟರಿನಲ್ಲಿ ನೀವೂ ನಿಂತಿರಿ. ಅವನು ಆಮೇಲೆ ತಂದುಕೊಡುತ್ತೇನೆ ಅಂದರೆ ಒಪ್ಪಬೇಡಿ. ಇದಕ್ಕಿಂತಲೂ ಗಟ್ಟಿಯಾದ ಪರೀಕ್ಷೆ ಹಣದ್ದು. ಪೂರ್ತಿ ಮೊತ್ತ ಮಾಲೀಕರ ಹೆಸರಿನ ಬ್ಯಾಂಕ್ ಖಾತೆಗೇ ಹಾಕುತ್ತೇನೆ ಅನ್ನಿ. ಅಸಲಿ ಪ್ರತಿನಿಧಿಗೆ ಅದರಿಂದ ಏನೂ ತೊಂದರೆ ಇಲ್ಲ. ನಮ್ಮ ಭಾವ ಇದನ್ನು ಕೇಳಿದ್ದರು. "ಅಮ್ಮನವರ ಅಕೌಂಟು ಕೆವೈಸಿ ಆಗದೆ ನಿಂತಿದೆ" ಅಂತ ಉತ್ತರ ಬಂದು, ಹಣ ಜಿಪಿಎ ಹೋಲ್ಡರ್ ಖಾತೆಗೆ ಹೋಯಿತು. ನೀವು ಇಂಥ ಉತ್ತರ ಕೇಳಿದರೆ ಅಡ್ವಾನ್ಸ್ ಕೂಡ ಕೊಡಬೇಡಿ.

ಮಾಲೀಕರ ಮುಖ ನೋಡಬೇಕು, ಫೋನ್ ಸಾಲದು. ವಿಡಿಯೊ ಕಾಲ್ ಕೂಡ ಸಾಲದು, ಯಾಕೆಂದರೆ ಹೋಲಿಸಲು ನಿಮ್ಮ ಹತ್ತಿರ ಅವರ ಫೋಟೊ ಇರುವುದಿಲ್ಲ. ನೋಂದಣಿಗೆ ಫೋಟೊ, ಬೆರಳಚ್ಚು ಕಡ್ಡಾಯ ಮಾಡಿದ ತಿದ್ದುಪಡಿ ಬಂದದ್ದೇ 2001ರಲ್ಲಿ. ಅದಕ್ಕೂ ಹಿಂದಿನ ಕ್ರಯಪತ್ರಗಳಲ್ಲಿ ಮುಖವೇ ಇಲ್ಲ. ಹಳೇ ಪತ್ರದ, ಊರಲ್ಲಿಲ್ಲದ ಮಾಲೀಕರ, ಖಾಲಿ ಸೈಟುಗಳನ್ನೇ ಇವರು ಹುಡುಕುವುದು ಅದಕ್ಕೇ. ಅದರ ಮೇಲೆ ಮೂಲಪತ್ರವೂ ಕಳೆದುಹೋಗಿದೆ ಅಂದರೆ ಅಲ್ಲಿಗೇ ನಿಲ್ಲಿಸಿ. ಇ-ಲಾಸ್ಟ್ ರಿಪೋರ್ಟಿಗೆ ಪೊಲೀಸರು ತನಿಖೆ ಮಾಡಿರುವುದಿಲ್ಲ, ದೂರು ಕೊಟ್ಟವರು ಹೇಳಿದ್ದನ್ನು ಬರೆದುಕೊಂಡ ಸ್ವೀಕೃತಿ ಅಷ್ಟೇ ಅದು. ಸೈಟಿನ ಅಕ್ಕಪಕ್ಕದ ಮನೆಯವರನ್ನು ಮಾತಾಡಿಸಿ. ಬ್ರೋಕರ್ ಜೊತೆಗಿಲ್ಲದಾಗ ಹೋಗಿ.

"ಸರ್ಕಾರಿ ಆಫೀಸಿನಲ್ಲಿ ರಿಜಿಸ್ಟರ್ ಆಗಿದೆಯಲ್ಲ" ಅನ್ನುವ ಸಮಾಧಾನ ಬಹಳ ಜನಕ್ಕೆ ಇದೆ. ಮಾರುವವನಿಗೆ ಹಕ್ಕಿದೆಯೇ ಅಂತ ತೀರ್ಮಾನಿಸುವುದು ಸಬ್‌ರಿಜಿಸ್ಟ್ರಾರ್ ಕೆಲಸ ಅಲ್ಲ. 2025ರ ಏಪ್ರಿಲ್‌ನಲ್ಲಿ ತಮಿಳುನಾಡಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬ್ಯಾಂಕ್ ಸಾಲ ಕೊಟ್ಟಿದೆ ಅನ್ನುವುದೂ ರಕ್ಷಣೆಯಲ್ಲ. ಸೈಟು ಕೈ ತಪ್ಪಿದರೂ ಕಂತು ನಿಲ್ಲುವುದಿಲ್ಲ.

ಈಗಾಗಲೇ ಮೋಸ ಹೋಗಿದ್ದರೆ ಏನು ಮಾಡಬಹುದು? ಕಹಿಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಸೈಟು ಸಿಗುವುದಿಲ್ಲ. ತನ್ನದಲ್ಲದ್ದನ್ನು ಮಾರಿದವನಿಂದ ನಿಮಗೆ ಹಕ್ಕು ಬರುವುದಿಲ್ಲ. ನೀವು ಪ್ರಾಮಾಣಿಕವಾಗಿ ಹಣ ಕೊಟ್ಟಿದ್ದರೂ ಅಷ್ಟೇ. ಆಸ್ತಿ ವರ್ಗಾವಣೆ ಕಾಯ್ದೆಯ 41ನೇ ಸೆಕ್ಷನ್ ತೋರಿಸಿ ಆಸೆ ಹುಟ್ಟಿಸುವವರು ಇದ್ದಾರೆ. ಅದು ಅನ್ವಯಿಸುವುದು ಅಸಲಿ ಮಾಲೀಕರೇ ಒಪ್ಪಿ ಇನ್ನೊಬ್ಬರನ್ನು ಮಾಲೀಕರಂತೆ ತೋರಿಸಿಕೊಳ್ಳಲು ಬಿಟ್ಟಾಗ. ಸಹಿಯನ್ನೇ ನಕಲು ಮಾಡಿದ ಕಡೆ ಅದು ನಡೆಯುವುದಿಲ್ಲ. ಗೊತ್ತಾದ ಮೇಲೆ ಸೈಟನ್ನು ಮೂರನೆಯವರಿಗೆ ದಾಟಿಸುವ ಯೋಚನೆಯಂತೂ ಮಾಡಲೇಬೇಡಿ. ಆಗ ನೀವೂ ಆರೋಪಿ.

ಹಣಕ್ಕೆ ಎರಡು ದಾರಿ ಇವೆ, ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಒಂದು ಪೊಲೀಸ್ ದೂರು. 2024ರ ಜುಲೈ 1ರಿಂದ ಈಚೆಗೆ ನಡೆದದ್ದಾದರೆ ಭಾರತೀಯ ನ್ಯಾಯ ಸಂಹಿತೆಯ 318(4) ವಂಚನೆಗೆ, 338 ಬೆಲೆಬಾಳುವ ದಾಖಲೆಯ ಫೋರ್ಜರಿಗೆ, 340(2) ಆ ದಾಖಲೆ ಬಳಸಿದ್ದಕ್ಕೆ. ಹಿಂದಿನದಾದರೆ ಐಪಿಸಿ 420, 467, 471. "ಇದು ಸಿವಿಲ್ ಮ್ಯಾಟರ್" ಅಂತ ಠಾಣೆಯಲ್ಲಿ ವಾಪಸ್ ಕಳಿಸಿದರೆ ಎಸ್‌ಪಿಗೆ, ನಗರದಲ್ಲಾದರೆ ಕಮಿಷನರೇಟಿನ ಮೇಲಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಿ. ಅದೂ ಆಗದಿದ್ದರೆ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಬಹುದು. ದೂರಿನಲ್ಲೇ ಹಣ ಹೋದ ಖಾತೆಯ ಸಂಖ್ಯೆ ಬರೆದು, ಅದನ್ನು ಫ್ರೀಜ್ ಮಾಡಿಸಿ ಅಂತ ಕೇಳಿ. ನಮ್ಮ ಕೇಸಿನಲ್ಲಿ ಫ್ರೀಜ್ ಆಗುವ ಹೊತ್ತಿಗೆ ನಾಲ್ಕು ಲಕ್ಷ ಚಿಲ್ಲರೆ ಮಾತ್ರ ಉಳಿದಿತ್ತು.

ಎರಡನೆಯದು ಸಿವಿಲ್ ದಾವೆ, ಮಾರಿದವನ ಮೇಲೆ, ಹಣ ಯಾರ್‍ಯಾರಿಗೆ ಹಂಚಿಕೆ ಆಗಿದೆಯೋ ಅವರ ಮೇಲೆ. ಅಸಲು, ಬಡ್ಡಿ, ಖರ್ಚು ಕೇಳಬಹುದು. ಮೋಸ ಗೊತ್ತಾದ ದಿನದಿಂದ ಮೂರು ವರ್ಷದೊಳಗೆ ಹಾಕಿ. ತೀರ್ಪು ಬರುವಷ್ಟರಲ್ಲಿ ಅವನು ತನ್ನ ಆಸ್ತಿಯನ್ನೆಲ್ಲ ಹೆಂಡತಿ, ಮಕ್ಕಳ ಹೆಸರಿಗೆ ಮಾಡಿರುತ್ತಾನೆ. ಅದಕ್ಕೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 38, ರೂಲ್ 5ರ ಕೆಳಗೆ ತೀರ್ಪಿಗೆ ಮುಂಚೆಯೇ ಜಪ್ತಿ ಕೇಳುವ ಅವಕಾಶ ಇದೆ. ಸುಮ್ನೆ ಕೇಳಿದರೆ ಕೊಡುವುದಿಲ್ಲ. ಆಸ್ತಿ ಸಾಗಿಸುತ್ತಿದ್ದಾನೆ ಅಂತ ತೋರಿಸಬೇಕು. ನಮ್ಮ ಕೇಸಿನಲ್ಲಿ, ಸೈಟು ಮಾರಿದವನ ಊರಿನಲ್ಲಿ ಅವನ ಹೆಸರಿನ ಮನೆ ಮಾರಾಟಕ್ಕಿದೆ ಅಂತ ಜಾಹೀರಾತು ಬಂದಿತ್ತು. ಅದರ ಸ್ಕ್ರೀನ್‌ಶಾಟ್, ಮನೆಯ ಇಸಿ ಎರಡನ್ನೂ ಹಾಕಿದ ಮೇಲೆ ಕೋರ್ಟು ಮನೆಯನ್ನು ಜಪ್ತಿ ಮಾಡಿತು. ಹಣ ಇನ್ನೂ ಬಂದಿಲ್ಲ, ಆದರೆ ಮನೆ ಎಲ್ಲೂ ಹೋಗುವುದಿಲ್ಲ. ಕಟ್ಟಿದ ಮುದ್ರಾಂಕ ಶುಲ್ಕ ಮಾತ್ರ ಹೋದ ಹಾಗೇ.

ಅಸಲಿ ಮಾಲೀಕರು ನಿಮ್ಮ ಕ್ರಯಪತ್ರ ರದ್ದಾಗಬೇಕು ಅಂತ ದಾವೆ ಹಾಕುತ್ತಾರೆ, ಅದರಲ್ಲಿ ನೀವು ಪ್ರತಿವಾದಿ. ಅವರ ಮೇಲೆ ಹಟಕ್ಕೆ ಬೀಳಬೇಡಿ. ಆಯಮ್ಮನ ಮಗಳು ಮೊದಲ ದಿನ ಭಾವನನ್ನೇ ಕಳ್ಳ ಅಂದುಕೊಂಡು ಕೂಗಾಡಿದ್ದರು. ಭಾವ ರದ್ದತಿಗೆ ತಕರಾರಿಲ್ಲ ಅಂತ ಬರೆದುಕೊಟ್ಟರು. ಆಮೇಲೆ ಆ ಮಗಳೇ ತಾಯಿಯನ್ನು ಮುಂಬೈನಿಂದ ಕರೆತಂದು ಪೊಲೀಸರಿಗೆ ಹೇಳಿಕೆ, ಮಾದರಿ ಸಹಿ, ಬೆರಳಚ್ಚು ಕೊಡಿಸಿದರು. ಸಹಿ ತನ್ನದಲ್ಲ ಅಂತ ಹೇಳಬಲ್ಲವರು ಅವರೊಬ್ಬರೇ. ಅವರು ಸಾಕ್ಷಿಯಾಗಿ ನಿಂತ ಮೇಲೇ ಕೇಸು ಮುಂದಕ್ಕೆ ಹೋದದ್ದು.

ಹೊರಗಿದ್ದು ಊರಲ್ಲಿ ಖಾಲಿ ಸೈಟು ಇಟ್ಟಿರುವವರಿಗೂ ಒಂದು ಮಾತು. ವರ್ಷಕ್ಕೆ ಒಂದೆರಡು ಸಲ ಕಾವೇರಿಯಲ್ಲಿ ನಿಮ್ಮ ಸೈಟಿನ ಇಸಿ ನೀವೇ ತೆಗೆದು ನೋಡಿ. ಜಿಪಿಎ ಅದರಲ್ಲಿ ಕಾಣದಿದ್ದರೂ ಅದನ್ನು ಹಿಡಿದು ಮಾಡಿದ ಮಾರಾಟ ಕಾಣುತ್ತದೆ. ಪಕ್ಕದ ಮನೆಯವರ ಹತ್ತಿರ ನಿಮ್ಮ ಫೋನ್ ನಂಬರ್ ಇರಲಿ.