ಫೀ ಮನ್ನಾ ಆಸೆಗೆ ಎಷ್ಟು ಖರ್ಚು? ನನ್ನ ರುಪೇ ಕ್ರೆಡಿಟ್ ಕಾರ್ಡಿನ ಅನುಭವ

ಈ ಕಾರ್ಡನ್ನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಲೌಂಜ್, ಸಿನಿಮಾ ಟಿಕೆಟ್ ಆಫರ್ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ, ಅದನ್ನು ಬಿಡೋಣ. ನಾನು ಹೇಳಬೇಕಾಗಿರುವುದು ಇದರ ಆ್ಯಪ್ ತೆರೆದ ಕೂಡಲೇ ಕಾಣುವ ಒಂದು ಹಸಿರು ಪಟ್ಟಿಯ ಬಗ್ಗೆ.

ಮೊದಲು ಇಷ್ಟವಾದದ್ದು. ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡಿದ್ದೇನೆ. ಬೆಳಿಗ್ಗೆ ನಂದಿನಿ ಬೂತಿನಲ್ಲಿ ಹಾಲು, ಪಕ್ಕದಲ್ಲಿ ಸೊಪ್ಪು, ವಾರಕ್ಕೊಮ್ಮೆ ದಿನಸಿ, ಎಲ್ಲಾ ಇದರಲ್ಲೇ ಸ್ಕ್ಯಾನ್ ಮಾಡುತ್ತೇನೆ. ಅಂಗಡಿಯವರದು ವ್ಯಾಪಾರಿ ಕ್ಯೂಆರ್ ಆಗಿರಬೇಕು ಅಷ್ಟೇ, ಸ್ವಂತ ಖಾತೆಯದ್ದಾದರೆ ಕ್ರೆಡಿಟ್ ಕಾರ್ಡ್ ನಡೆಯುವುದಿಲ್ಲ. ಸ್ಟೇಟ್‌ಮೆಂಟ್ ಬಂದ ದಿನ ಕಾಫಿ ಹಿಡಿದು ಕೂತು, ಪೆನ್ಸಿಲ್‌ನಲ್ಲಿ ಒಂದೊಂದೇ ಸಾಲಿಗೆ ಗುರುತು ಹಾಕುತ್ತೇನೆ. ತಿಂಗಳಿಡೀ ಮನೆ ಹೇಗೆ ನಡೆಯಿತು ಅನ್ನುವುದು ಒಂದೇ ಕಾಗದದಲ್ಲಿ ಸಿಗುತ್ತದೆ. ಈ ಒಂದು ಕಾರಣಕ್ಕೆ ಕಾರ್ಡ್ ನನಗೆ ನಿಜವಾಗಿ ಪ್ರಿಯ.

ಈಗ ಹಸಿರು ಪಟ್ಟಿಗೆ ಬರುತ್ತೇನೆ. ಕಾರ್ಡಿನ ವಾರ್ಷಿಕ ಫೀ ₹999, ಜಿಎಸ್‌ಟಿ ಸೇರಿ ₹1,179. ವರ್ಷಕ್ಕೆ ₹2 ಲಕ್ಷ ಖರ್ಚು ಮಾಡಿದರೆ ಫೀ ಮನ್ನಾ. ಎಷ್ಟು ಖರ್ಚಾಗಿದೆ, ಇನ್ನೆಷ್ಟು ಬಾಕಿ ಅಂತ ಆ ಪಟ್ಟಿ ತೋರಿಸುತ್ತದೆ. ವರ್ಷದ ಕೊನೆ ಹತ್ತಿರ ಬಂದಂತೆ ಮೆಸೇಜ್ ಮೇಲೆ ಮೆಸೇಜ್.

ನನ್ನ ಮಾತು ಕೇಳಿ ತಮ್ಮನೂ ಇದೇ ಕಾರ್ಡ್ ತಗೊಂಡಿದ್ದ. ಒಂದು ದಿನ ಫೋನ್ ಮಾಡಿ, "ಅಕ್ಕಾ, ಇನ್ನು ಹದಿನಾಲ್ಕು ಸಾವಿರ ಆದ್ರೆ ಫೀ ಉಳಿಯುತ್ತೆ. ಏನಾದ್ರೂ ತಗೊಂಡುಬಿಡ್ಲಾ?" ಅಂದ. ಬೇಡ ಅಂದೆ. ಅಷ್ಟರಲ್ಲಿ ಅವನು ಏರ್ ಫ್ರೈಯರ್, ಒಂದು ಜೊತೆ ಶೂ ಕಾರ್ಟಿಗೆ ಹಾಕಿ ಆಗಿತ್ತು. ಎರಡೂ ಅವನಿಗೆ ಆ ತಿಂಗಳು ಬೇಕಿರಲಿಲ್ಲ.

ಲೆಕ್ಕ ನೋಡಿ. ₹1,179 ಉಳಿಸಲು ₹14,000 ಹೋಯಿತು. ಪಾಯಿಂಟ್ಸ್ ಬರುತ್ತಲ್ವಾ ಅಂದ. ಈ ಕಾರ್ಡಿನಲ್ಲಿ ₹150ಕ್ಕೆ 2 ಪಾಯಿಂಟ್, ಒಂದು ಪಾಯಿಂಟ್‌ಗೆ 25 ಪೈಸೆ. ಹದಿನಾಲ್ಕು ಸಾವಿರಕ್ಕೆ 186 ಪಾಯಿಂಟ್, ಅಂದರೆ ₹46.50. ಪಾಯಿಂಟ್ ಬಿಡಿಸಿಕೊಳ್ಳಲು ಪ್ರತಿ ಸಲ ₹99 ಮತ್ತು ಅದರ ಮೇಲೆ ಜಿಎಸ್‌ಟಿ, ಹೆಚ್ಚುಕಡಿಮೆ ₹117. ಇಷ್ಟು ಪಾಯಿಂಟನ್ನು ಬಿಡಿಸಿಕೊಳ್ಳಲು ಹೋದರೆ ಕೈಯಿಂದಲೇ ದುಡ್ಡು ಹಾಕಬೇಕು.

ನನಗೆ ಸಿಟ್ಟು ಬಂದದ್ದು ಇದಾದ ಮೇಲೆ. ಆ ತಿಂಗಳು ಅವನ ಬಿಲ್ ₹40,000 ಮುಟ್ಟಿತು. ಪೂರ್ತಿ ಕಟ್ಟಲು ಆಗದೆ, ಸ್ಟೇಟ್‌ಮೆಂಟಿನ ಮೇಲ್ಗಡೆ ದಪ್ಪಕ್ಷರದಲ್ಲಿದ್ದ 'ಕನಿಷ್ಠ ಮೊತ್ತ' ₹2,000 ಮಾತ್ರ ಕಟ್ಟಿದ. ಅಷ್ಟು ಕಟ್ಟಿದರೆ ತಡ ಮಾಡಿದ ದಂಡ ಬೀಳುವುದಿಲ್ಲ, ಬಡ್ಡಿ ಮಾತ್ರ ತಪ್ಪುವುದಿಲ್ಲ. ತಿಂಗಳಿಗೆ 3.5% ಅಂತ ಉಳಿದ ₹38,000ಕ್ಕೆ ₹1,330, ಅದಕ್ಕೆ 18% ಜಿಎಸ್‌ಟಿ ಸೇರಿ ₹1,569. ಉಳಿಸಿದ ಫೀಗಿಂತ ಜಾಸ್ತಿ, ಅದೂ ಒಂದೇ ತಿಂಗಳಲ್ಲಿ. ಬಡ್ಡಿಯನ್ನು ಕೊನೆಯ ದಿನದಿಂದಲ್ಲ, ಖರೀದಿಸಿದ ದಿನದಿಂದ ಎಣಿಸುವುದರಿಂದ ನಿಜವಾಗಿ ಬಂದದ್ದು ಇನ್ನೂ ಸ್ವಲ್ಪ ಹೆಚ್ಚೇ. ಬಾಕಿ ತೀರುವವರೆಗೆ ಹೊಸದಾಗಿ ತಂದ ಹಾಲು, ಸೊಪ್ಪಿಗೂ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಈ ಮಾತು ಆ ಹಸಿರು ಪಟ್ಟಿಯ ಪಕ್ಕದಲ್ಲಿ ಎಲ್ಲೂ ಇಲ್ಲ, ಇರಬೇಕಿತ್ತು.

ಗುರಿ ಮುಟ್ಟಲೇಬೇಕು ಅನ್ನುವವರು ಕೆಲವು ಸಂಗತಿ ತಿಳಿದಿರಲಿ. ಪೆಟ್ರೋಲ್, ಮನೆ ಬಾಡಿಗೆ, ವ್ಯಾಲೆಟ್‌ಗೆ ಹಾಕಿದ ದುಡ್ಡು ಇದರಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ವರ್ಷ ಅಂದರೆ ಜನವರಿಯಿಂದ ಅಲ್ಲ, ಕಾರ್ಡ್ ಕೊಟ್ಟ ದಿನದಿಂದ. ಕೊನೆಯ ದಿನ ಮಾಡಿದ ಖರ್ಚು ಖಾತೆಯಲ್ಲಿ ದಾಖಲಾಗಲು ಎರಡು ಮೂರು ದಿನ ಬೇಕಾಗಬಹುದು, ಅಷ್ಟರಲ್ಲಿ ವರ್ಷ ಮುಗಿದಿರುತ್ತದೆ. ವಸ್ತು ವಾಪಸ್ ಕೊಟ್ಟರೆ ಆ ಮೊತ್ತವೂ ಕಳೆದುಹೋಗುತ್ತದೆ. ಹೇಗೂ ಕಟ್ಟಬೇಕಾದ ವಿಮಾ ಕಂತನ್ನು ಒಂದು ತಿಂಗಳು ಮೊದಲೇ ಕಟ್ಟಿ ಗುರಿ ಮುಟ್ಟುವುದು ಸರಿ, ನಿಮ್ಮ ಕಾರ್ಡಿನಲ್ಲಿ ಅದು ಲೆಕ್ಕಕ್ಕೆ ಬರುತ್ತಾ ಅಂತ ಮೊದಲು ನೋಡಿಕೊಳ್ಳಿ. ಹೊಸದಾಗಿ ಏನನ್ನೋ ಹುಡುಕಿ ಕೊಳ್ಳಬೇಡಿ.

ಈ ವರ್ಷ ನನ್ನ ಖರ್ಚು ₹2 ಲಕ್ಷ ಮುಟ್ಟುವುದಿಲ್ಲ. ಸುಮ್ನೆ ಫೀ ಕಟ್ಟುತ್ತೇನೆ. ಪ್ರತಿ ತಿಂಗಳು ಪೂರ್ತಿ ಬಿಲ್ ಕಟ್ಟುವವರಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಸಂಬಳ ಕೊನೆಯ ವಾರಕ್ಕೆ ಮುಗಿಯುವವರಿಗೆ ಒಂದು. ನನ್ನ ತಮ್ಮ ಬಾಕಿ ತೀರಿಸಿ ಕಾರ್ಡ್ ಮುಚ್ಚಲು ಅರ್ಜಿ ಹಾಕಿದ್ದಾನೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ ₹500 ಗ್ರಾಹಕರಿಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2022ರ ನಿಯಮ ಇದೆ. ಬ್ಯಾಂಕಿನವರು ಫೋನ್‌ನಲ್ಲಿ ಎಷ್ಟೇ ಆಫರ್ ಹೇಳಿದರೂ ಅರ್ಜಿಯ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ.